ಬಿಡಿ ಮಟ್ಟಗಳಿಂದ ನೆಲದ ಮೈ: ತ್ರಿಕೋನ ಬಲೆಯಲ್ಲಿ ಹಳ್ಳ ಮುಚ್ಚಿಹೋಗುವ ಬಗೆ

ಪಿಂಪ್ರಿ-ಚಿಂಚವಾಡ ಪವನಾ ನದಿಯ ಎರಡೂ ದಡಕ್ಕೆ ಹಬ್ಬಿರುವ ಊರು. ಉತ್ತರಕ್ಕೆ ಇಂದ್ರಾಯಣಿ, ದಕ್ಷಿಣಕ್ಕೆ ಮುಳಾ. ಪವನಾ ಊರ ನಡುವೆ ಹಾದು ದಾಪೋಡಿಯ ಬಳಿ ಮುಳಾವನ್ನು ಸೇರುತ್ತದೆ. ಮೇಲಿನ ಪವನಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಚಿಂಚವಾಡದ ಮೋರ್ಯಾ ಗೋಸಾವಿ ದೇವಸ್ಥಾನದ ಆವರಣಕ್ಕೆ ನೀರು ನುಗ್ಗುತ್ತದೆ. ಮಹಾರಾಷ್ಟ್ರದಲ್ಲಿ ನದಿಗಳ ಬದಿಗೆ ಎರಡು ಗೆರೆ ಎಳೆಯುತ್ತಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ಕೆಂಪು ಗೆರೆ. ಒಬ್ಬರ ನಿವೇಶನ ಆ ಗೆರೆಯ ಒಳಗೋ ಹೊರಗೋ ಎಂಬುದು ನೆಲದ ಎತ್ತರವನ್ನು ಎಷ್ಟು ಸರಿಯಾಗಿ ಕಟ್ಟಿದ್ದೇವೆ ಎಂಬುದರ ಮೇಲೆ ನಿಂತಿದೆ. ನದಿಗಿಂತ ಹೆಚ್ಚಾಗಿ, ನದಿಗೆ ಬಂದು ಸೇರುವ ಸಣ್ಣ ಹಳ್ಳಗಳಲ್ಲಿ ಈ ಕೆಲಸ ಕೆಡುತ್ತದೆ.

ಸರ್ವೆಯವರು ಆಟೋ ಲೆವೆಲ್‌ನಿಂದಲೋ ಟೋಟಲ್ ಸ್ಟೇಷನ್‌ನಿಂದಲೋ ಮಟ್ಟ ತೆಗೆದು ತರುವುದು ಬಿಡಿ ಬಿಂದುಗಳನ್ನು. ಪ್ರತಿ ಬಿಂದುವಿಗೂ ಮೂರು ಸಂಖ್ಯೆಗಳಿರುತ್ತವೆ: ಪೂರ್ವಕ್ಕೆಷ್ಟು, ಉತ್ತರಕ್ಕೆಷ್ಟು, ಸಮುದ್ರಮಟ್ಟದಿಂದ ಎತ್ತರವೆಷ್ಟು. ಎರಡು ಬಿಂದುಗಳ ನಡುವಿನ ನೆಲವನ್ನು ಯಾರೂ ಅಳೆದಿಲ್ಲ. ಅದನ್ನು ಊಹಿಸಲು ಇರುವ ನೇರ ದಾರಿ, ಬಿಂದುಗಳನ್ನು ಮೂರು ಮೂರಾಗಿ ಸೇರಿಸಿ ತ್ರಿಕೋನಗಳನ್ನು ಮಾಡಿ, ಒಂದೊಂದು ತ್ರಿಕೋನವನ್ನೂ ಓರೆಯಾಗಿ ಇಟ್ಟ ಸಪಾಟು ಹಲಗೆ ಎಂದು ಭಾವಿಸುವುದು. ಇದಕ್ಕೆ ಟಿನ್ ಎಂಬ ಹೆಸರಿದೆ. 1970ರ ದಶಕದಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾಯ್ಕರ್ ಮತ್ತು ಸಂಗಡಿಗರು ಇದನ್ನು ಭೂನಕ್ಷೆಯ ಕೆಲಸಕ್ಕೆ ಒಗ್ಗಿಸಿದರು. ನೆಲ ಏರುಪೇರಾಗಿರುವಲ್ಲಿ ಬಿಂದುಗಳನ್ನು ಒತ್ತಾಗಿ, ಸಮವಾಗಿರುವಲ್ಲಿ ವಿರಳವಾಗಿ ಇಡಬಹುದಾದ್ದರಿಂದ ಸರ್ವೆಯವರ ಕೈಗೆ ಇದು ಚೆನ್ನಾಗಿ ಹೊಂದುತ್ತದೆ.

ಆದರೆ ಅವೇ ಬಿಂದುಗಳನ್ನು ಹತ್ತಾರು ಬಗೆಯಲ್ಲಿ ಜೋಡಿಸಬಹುದು. ಯಾವ ಜೋಡಣೆ ಸರಿ? ರಷ್ಯದ ಗಣಿತಜ್ಞ ಬೋರಿಸ್ ಡೆಲೋನೆ 1934ರಲ್ಲಿ ಪ್ರಕಟಿಸಿದ ನಿಯಮವನ್ನು ಇಂದು ಬಹುತೇಕ ಎಲ್ಲ ತಂತ್ರಾಂಶಗಳೂ ಪಾಲಿಸುತ್ತವೆ. ತ್ರಿಕೋನದ ಮೂರು ಮೂಲೆಗಳ ಮೂಲಕ ಒಂದು ವೃತ್ತ ಎಳೆದರೆ ಅದರೊಳಗೆ ಬೇರೆ ಯಾವ ಬಿಂದುವೂ ಬೀಳಬಾರದು. ಹೀಗೆ ಕಟ್ಟಿದಾಗ ಸೂಜಿಯಂಥ ತೆಳು ತ್ರಿಕೋನಗಳು ಆದಷ್ಟು ಕಡಿಮೆಯಾಗುತ್ತವೆ. ಗಮನಿಸಬೇಕಾದ್ದು, ಈ ನಿಯಮ ನೋಡುವುದು ನಕ್ಷೆಯ ಮೇಲಿನ ಸ್ಥಾನವನ್ನು ಮಾತ್ರ. ಎತ್ತರವನ್ನು ಅದು ಓದುವುದೇ ಇಲ್ಲ. ಎಡವಟ್ಟಿನ ಮೂಲ ಇಲ್ಲಿದೆ.

ಒಂದು ಹಳ್ಳವನ್ನು ತೆಗೆದುಕೊಳ್ಳೋಣ. ಸಂಖ್ಯೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಹಳ್ಳ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ, ಎರಡು ದಡದ ಅಂಚುಗಳ ನಡುವೆ 16 ಮೀಟರ್. ತಳದಲ್ಲಿ 40 ಮೀಟರಿಗೊಂದರಂತೆ ಮಟ್ಟ ತೆಗೆದಿದ್ದಾರೆ: ಮೇಲಿನ ಬಿಂದು 552.6 ಮೀಟರ್, ಕೆಳಗಿನದು 552.2. ಇವೆರಡರ ನಟ್ಟನಡುವೆ, ಎಡದಡದಲ್ಲಿ ಒಂದು, ಬಲದಡದಲ್ಲಿ ಒಂದು ಬಿಂದು; ಎರಡೂ 556.0. ಈ ನಾಲ್ಕು ಬಿಂದುಗಳನ್ನು ಎರಡು ತ್ರಿಕೋನ ಮಾಡಬೇಕಾದರೆ ನಡುವೆ ಒಂದು ಗೆರೆ ಬೇಕು. ಅದು ತಳದಿಂದ ತಳಕ್ಕೆ ಹೋಗಬಹುದು, ಇಲ್ಲವೇ ದಡದಿಂದ ದಡಕ್ಕೆ.

ತಳದ ಎರಡು ಬಿಂದು ಮತ್ತು ಎಡದಡದ ಬಿಂದುವಿನ ಮೂಲಕ ವೃತ್ತ ಎಳೆಯಿರಿ. ಅದರ ತ್ರಿಜ್ಯ 29 ಮೀಟರ್, ಕೇಂದ್ರ ಹಳ್ಳದ ನಡುಗೆರೆಯಿಂದ 21 ಮೀಟರ್ ಬಲಕ್ಕೆ. ಬಲದಡದ ಬಿಂದು ಆ ಕೇಂದ್ರದಿಂದ ಬರೀ 13 ಮೀಟರ್ ದೂರದಲ್ಲಿದೆ, ಅಂದರೆ ವೃತ್ತದ ಒಳಗೇ ಬಿತ್ತು. ನಿಯಮದ ಪ್ರಕಾರ ತಳದ ಗೆರೆ ತಳ್ಳಿಹೋಯಿತು. ಈಗ ಎರಡು ದಡದ ಬಿಂದು ಮತ್ತು ಮೇಲಿನ ತಳದ ಬಿಂದುವಿನ ಮೂಲಕ ಎಳೆದರೆ ತ್ರಿಜ್ಯ 11.6 ಮೀಟರ್, ಕೆಳಗಿನ ತಳದ ಬಿಂದು ಕೇಂದ್ರದಿಂದ 28.4 ಮೀಟರ್ ಆಚೆ, ಸುರಕ್ಷಿತವಾಗಿ ಹೊರಗೆ. ಆದ್ದರಿಂದ ತಂತ್ರಾಂಶ ದಡದಿಂದ ದಡಕ್ಕೆ ಗೆರೆ ಎಳೆಯುತ್ತದೆ. ಆ ಗೆರೆಯುದ್ದಕ್ಕೂ ಎತ್ತರ 556.0. ಹಳ್ಳದ ನಡುಮಧ್ಯದಲ್ಲಿ ನಿಜವಾಗಿ ಇರುವುದು ಸುಮಾರು 552.4. ನೆಲದ ಮೇಲೆ ಇಲ್ಲದ, ಮೂರೂವರೆ ಮೀಟರಿಗೂ ಎತ್ತರದ ಒಡ್ಡೊಂದು ನಕ್ಷೆಯಲ್ಲಿ ಎದ್ದುನಿಂತಿತು. ನಾಲ್ಕೂ ಮಟ್ಟಗಳಲ್ಲಿ ಒಂದಿಷ್ಟೂ ತಪ್ಪಿಲ್ಲ, ಜೋಡಣೆಯೂ ನಿಯಮಬದ್ಧ.

ಇದೇ ವಿನ್ಯಾಸ ಹಳ್ಳದುದ್ದಕ್ಕೂ ಮರುಕಳಿಸುವುದರಿಂದ ಹಳ್ಳ ಸಾಲು ಗುಂಡಿಗಳಾಗಿ ಒಡೆಯುತ್ತದೆ. ಮುಂದೆ ನಡೆಯುವುದು ಇನ್ನೂ ಕೆಟ್ಟದ್ದು. ನೀರಿನ ಹರಿವು ಲೆಕ್ಕಹಾಕುವ ಮೊದಲು ಗುಂಡಿಗಳನ್ನು ತುಂಬಿಬಿಡುವ ಹಂತವೊಂದನ್ನು ಅನೇಕರು ಯೋಚಿಸದೆ ಓಡಿಸುತ್ತಾರೆ. ಆಗ ಹಳ್ಳ ಸುಳ್ಳು ಒಡ್ಡುಗಳ ನೆತ್ತಿಯವರೆಗೆ, ಅಂದರೆ ದಡದ ಮಟ್ಟದವರೆಗೆ, ತುಂಬಿಹೋಗುತ್ತದೆ. ಗುಂಡಿಗಳು ಕಾಣೆಯಾಗಿ ನಕ್ಷೆ ಅಚ್ಚುಕಟ್ಟಾಗಿ ತೋರುತ್ತದೆ, ಆದರೆ ಮಳೆನೀರನ್ನು ಹೊತ್ತೊಯ್ಯುವ ಹಳ್ಳವೇ ಇಲ್ಲ. ಸಣ್ಣ ಮಳೆಗೂ ನೀರು ಪಕ್ಕದ ಮನೆಗಳಿಗೆ ಹರಡುವಂತೆ ಲೆಕ್ಕ ಬರುತ್ತದೆ.

ಪರಿಹಾರ ಎರಡು. ಮೇಲಿನ ಚೌಕಟ್ಟಿನಲ್ಲಿ ಡೆಲೋನೆ ನಿಯಮ ಯಾವಾಗಲೂ ಗಿಡ್ಡ ಕರ್ಣವನ್ನು ಆರಿಸುತ್ತದೆ. ಹಾಗಾಗಿ ತಳದ ಬಿಂದುಗಳ ಅಂತರ ಹಳ್ಳದ ಅಗಲಕ್ಕಿಂತ ಕಡಿಮೆ ಇರಬೇಕು. 16 ಮೀಟರ್ ಹಳ್ಳಕ್ಕೆ 40 ಮೀಟರ್ ಅಂತರ ಎಂದೂ ಸಾಲದು, 10 ಮೀಟರ್ ಇದ್ದರೆ ಗೆರೆ ತಾನಾಗಿ ತಿರುಗುತ್ತದೆ. ಎರಡನೆಯದು, ತಳದ ಬಿಂದುಗಳನ್ನು ಸೇರಿಸುವ ಗೆರೆಯನ್ನೇ ಕೊಟ್ಟು, ಯಾವ ತ್ರಿಕೋನವೂ ಇದನ್ನು ದಾಟಬಾರದು ಎಂದು ಹೇಳುವುದು. ಇದು ಬ್ರೇಕ್‌ಲೈನ್. ಕ್ಯೂಜಿಐಎಸ್‌ನ `TIN Interpolation` ಸಾಧನದಲ್ಲಿ ಗೆರೆಗಳ ಪದರವನ್ನು ಸೇರಿಸಿ ಅದರ ಬಗೆಯನ್ನು `Structure lines` ಅಥವಾ `Break lines` ಎಂದು ಆರಿಸಬೇಕು. ಗೆರೆಯ ಪ್ರತಿ ಮೂಲೆಗೂ ಎತ್ತರ ಇರಲೇಬೇಕು. ತಳಗೆರೆಯೊಂದೇ ಸಾಲದು, ಎರಡು ದಡದ ಅಂಚುಗಳನ್ನೂ ಕೊಡಿ. ದಖ್ಖನ್ನಿನ ಕಪ್ಪುಕಲ್ಲಿನ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದರಿಂದ, ಊರಂಚಿನ ಟೇಕಡಿಗಳಲ್ಲಿ ಪ್ರತಿ ಮೆಟ್ಟಿಲಿನ ತುದಿಗೂ ಬುಡಕ್ಕೂ ಇದೇ ಉಪಚಾರ ಬೇಕು.

ತಪ್ಪನ್ನು ಹಿಡಿಯುವುದು ಹೇಗೆ? ಕೆಲವು ಬಿಂದುಗಳನ್ನು ಬದಿಗಿಟ್ಟು, ಉಳಿದವುಗಳಿಂದ ಟಿನ್ ಕಟ್ಟಿ, ಬದಿಗಿಟ್ಟವುಗಳೊಂದಿಗೆ ಹೋಲಿಸುವ ರೂಢಿ ಇದೆ. ಮಾಡಬೇಕಾದ್ದೇ, ಆದರೆ ಸರಾಸರಿ ದೋಷ ಹತ್ತಾರು ಸೆಂಟಿಮೀಟರಿಗೆ ಇಳಿದಿದೆ ಎಂದು ನಂಬಿ ಕೂರಬಾರದು. ಊರಿನಲ್ಲಿ ಹೆಚ್ಚಿನ ಬಿಂದುಗಳು ರಸ್ತೆ ಮತ್ತು ಬಯಲಿನ ಮೇಲಿರುತ್ತವೆ. ಅಲ್ಲಿ ಟಿನ್ ಚೆನ್ನಾಗಿಯೇ ನಡೆಯುತ್ತದೆ. ಒಡ್ಡು ಎದ್ದಿರುವ ಜಾಗದಲ್ಲಿ ಬಿಂದುವೇ ಇಲ್ಲದ್ದರಿಂದ ಅಲ್ಲಿನ ದೋಷ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಹೆಚ್ಚು ನಂಬಿಕೆ ಕಣ್ಣಿನ ಪರೀಕ್ಷೆಯ ಮೇಲೆ. ತ್ರಿಕೋನಗಳ ಗೆರೆಗಳನ್ನು ಉಪಗ್ರಹ ಚಿತ್ರದ ಮೇಲೆ ಹಾಸಿ, ಯಾವ ಗೆರೆ ಹಳ್ಳವನ್ನು ಅಡ್ಡಲಾಗಿ ದಾಟುತ್ತದೆ ಎಂದು ನೋಡಿ. ಆಮೇಲೆ ಅರ್ಧ ಮೀಟರಿನ ಸಮೋನ್ನತಿ ರೇಖೆ ಎಳೆಯಿರಿ. ಹಳ್ಳವನ್ನು ದಾಟುವ ರೇಖೆಯ ಮೊನೆ ಮೇಲ್ಹರಿವಿನ ಕಡೆಗೆ ಚಾಚಿರಬೇಕು. ತಳದಲ್ಲಿ ಮುಚ್ಚಿದ ಉಂಗುರಗಳು ಕಂಡರೆ ಅಲ್ಲಿ ಸುಳ್ಳು ಒಡ್ಡಿದೆ. ಅಂಚಿನಲ್ಲಿ ನೂರಾರು ಮೀಟರ್ ಉದ್ದದ ತೆಳು ತ್ರಿಕೋನಗಳಿದ್ದರೆ ಅವು ಅಳೆಯದ ನೆಲದ ಮೇಲೆ ಹಾಸಿದವು. ಪವನಾ ತಿರುವಿನ ಹೊರದಡದಲ್ಲಷ್ಟೇ ಬಿಂದುಗಳಿರುವಾಗ ಇವು ನದಿಯ ಮೇಲೇ ಹಾದುಹೋಗುತ್ತವೆ. ಅಳತೆಯ ಗಡಿಯನ್ನು ಕೊಟ್ಟು ಅವನ್ನು ಕತ್ತರಿಸಬೇಕು.

ಇನ್ನೊಂದು ಒಡ್ಡು ಮಾತ್ರ ನಿಜವಾದದ್ದು. ಮುಂಬೈ-ಪುಣೆ ರೈಲುಹಾದಿ ಊರನ್ನು ಸೀಳಿಕೊಂಡು ಹೋಗುತ್ತದೆ. ಇಂಥ ಹಾದಿ ಹಳ್ಳ ದಾಟುವ ಕಡೆ ಏರಿ ಕಟ್ಟಿ ಬುಡದಲ್ಲಿ ಮೋರಿ ಇಡುತ್ತಾರೆ. ಏರಿಯನ್ನು ಟಿನ್ ಸರಿಯಾಗಿಯೇ ತೋರಿಸುತ್ತದೆ. ಆದರೆ ಒಂದು ಜಾಗಕ್ಕೆ ಒಂದೇ ಎತ್ತರ ಇಟ್ಟುಕೊಳ್ಳಬಲ್ಲ ಅದು, ಏರಿಯ ಕೆಳಗಿನ ಮೋರಿಯನ್ನು ಹಿಡಿಯಲಾರದು. ಹರಿವಿನ ಲೆಕ್ಕಕ್ಕೆ ಮೋರಿಯ ಎರಡು ಬಾಯಿಗಳ ತಳಮಟ್ಟವನ್ನು ಬೇರೆಯಾಗಿ ಅಳೆದು, ಆ ಎರಡರ ನಡುವೆ ಏರಿಯನ್ನು ಕೊರೆದ ಇನ್ನೊಂದು ಪ್ರತಿಯನ್ನು ಮಾಡಿಟ್ಟುಕೊಳ್ಳಬೇಕು. ಮಣ್ಣಿನ ಲೆಕ್ಕಕ್ಕೆ ಮೊದಲ ಪ್ರತಿ, ನೀರಿನ ಲೆಕ್ಕಕ್ಕೆ ಎರಡನೆಯದು.