ಲೆಕ್ಕ ಒಪ್ಪಿಸಿ ಎಚ್ಚರಿಸಿದ ಭಾಷಣ

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಮಾಡಿದ ಭಾಷಣದ ಕೆಲವು ಮಾತುಗಳು ಇಂದಿಗೂ ಗೋಡೆಬರಹಗಳಲ್ಲಿ, ಸಂಪಾದಕೀಯಗಳಲ್ಲಿ ಕಾಣಸಿಗುತ್ತವೆ. ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂಬುದು ಅವುಗಳಲ್ಲೊಂದು. ಜನವರಿ 26ರಂದು ದೇಶ ವಿರೋಧಾಭಾಸದ ಬದುಕಿಗೆ ಕಾಲಿಡಲಿದೆ ಎಂಬುದು ಇನ್ನೊಂದು. ಇವೆಲ್ಲ ಭಾಷಣದ ಉತ್ತರಾರ್ಧದವು. ಮೊದಲ ಭಾಗವನ್ನು ಓದುವವರು ಕಡಿಮೆ. ಅದು ಅಂಕಿಅಂಶ, ಕಲಾಪದ ವಿವರ, ಟೀಕೆಗಳಿಗೆ ಉತ್ತರ. ಆದರೆ ಕೊನೆಯ ಮಾತುಗಳು ನಾಟುವುದಕ್ಕೆ ಆ ಒಣ ಭಾಗವೇ ಕಾರಣ. ಭಾಷಣವನ್ನು ಸಾಹಿತ್ಯಕೃತಿಯಾಗಿ ಓದುವುದೆಂದರೆ ಅದರ ಮಾತು ಯಾವ ಕ್ರಮದಲ್ಲಿ ಬರುತ್ತದೆ, ಆ ಕ್ರಮ ಕೇಳುಗರಿಗೆ ಏನು ಮಾಡುತ್ತದೆ ಎಂದು ಗಮನಿಸುವುದು.

ಸಂವಿಧಾನ ಅಂಗೀಕಾರವಾದದ್ದು ಮರುದಿನ. ಕರಡು ಸಮಿತಿಯ ಅಧ್ಯಕ್ಷರಾಗಿ ಅಂಬೇಡ್ಕರರದು ಚರ್ಚೆಗೆ ಮುಕ್ತಾಯ ಹೇಳುವ ಭಾಷಣ. ಸದಸ್ಯರು ಅವರನ್ನು ಆಗಲೇ ಸಾಕಷ್ಟು ಹೊಗಳಿದ್ದರು. ಅವರು ಎದ್ದು ನಿಂತು ಮೊದಲು ಕೊಟ್ಟದ್ದು ಲೆಕ್ಕ: ಸಭೆ ಮೊದಲು ಸೇರಿ 2 ವರ್ಷ 11 ತಿಂಗಳು 17 ದಿನಗಳಾದವು; 11 ಅಧಿವೇಶನ, 165 ದಿನಗಳ ಕಲಾಪ, ಅದರಲ್ಲಿ 114 ದಿನ ಕರಡಿನ ಪರಿಶೀಲನೆಗೇ ಹೋಯಿತು; ಬಂದ ತಿದ್ದುಪಡಿ ಸೂಚನೆಗಳು 7,635, ಮಂಡನೆಯಾದವು 2,473. ವಿಪರೀತ ತಡವಾಯಿತೆಂಬ ಟೀಕೆಗೆ ಇದು ಉತ್ತರ. ಅಮೆರಿಕದವರು ನಾಲ್ಕು ತಿಂಗಳಲ್ಲಿ ಮುಗಿಸಿದರು, ನಿಜ. ಆದರೆ ಅವರದು ಏಳು ವಿಧಿಗಳ ಸಂವಿಧಾನ, ಇದು 395 ವಿಧಿಗಳದ್ದು.

ಅನಂತರ ಶ್ರೇಯಸ್ಸಿನ ಹಂಚಿಕೆ. ಪರಿಶಿಷ್ಟ ಜಾತಿಗಳ ಹಿತ ಕಾಯುವುದಕ್ಕಿಂತ ದೊಡ್ಡ ಆಸೆಯಿಲ್ಲದೆ ಸಭೆಗೆ ಬಂದವನು ತಾನು, ಕರಡು ಸಮಿತಿಗೆ ಆರಿಸಿದ್ದೇ ಅಚ್ಚರಿ, ಅಧ್ಯಕ್ಷನನ್ನಾಗಿ ಮಾಡಿದ್ದು ಇನ್ನೂ ದೊಡ್ಡ ಅಚ್ಚರಿ ಎನ್ನುತ್ತಾರೆ. ತಮಗೆ ಸಂದ ಹೊಗಳಿಕೆಯಲ್ಲಿ ಒಂದು ಪಾಲು ಮೊದಲ ಕರಡನ್ನು ಸಿದ್ಧಪಡಿಸಿದ ಬಿ.ಎನ್. ರಾವ್ ಅವರದು ಎಂದು ತಿಳಿಸುತ್ತಾರೆ. ನಮ್ಮ ಕರಾವಳಿ ಮೂಲದ ಬೆನಗಲ್ ನರಸಿಂಗ ರಾವ್ ಇವರೇ. ಇನ್ನೂ ದೊಡ್ಡ ಪಾಲು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರದು ಎನ್ನುತ್ತಾರೆ.

ಗ್ರೀಕ್ ಚಿಂತಕ ಅರಿಸ್ಟಾಟಲ್ ಮಾತು ಒಪ್ಪಿತವಾಗುವುದಕ್ಕೆ ಮೂರು ಆಧಾರಗಳನ್ನು ಹೇಳಿದ್ದ: ಮಾತಾಡುವವನ ಮೇಲಿನ ನಂಬಿಕೆ, ಕೇಳುವವರ ಭಾವ, ವಾದದ ತರ್ಕ. ಇವುಗಳಲ್ಲಿ ನಂಬಿಕೆಯೇ ಬಹುಮಟ್ಟಿಗೆ ಬಲವಾದದ್ದು ಎಂಬುದು ಅವನ ಎಣಿಕೆ. ಅದು ಹಳೆಯ ಹೆಸರಿನಿಂದಲ್ಲ, ಆಡುತ್ತಿರುವ ಮಾತಿನಿಂದಲೇ ಹುಟ್ಟಬೇಕು ಎಂದೂ ಅವನು ಹೇಳುತ್ತಾನೆ. ಅಂಬೇಡ್ಕರರ ಭಾಷಣದ ಮೊದಲ ಭಾಗ ನಡೆಸುವುದು ಈ ಕೆಲಸವನ್ನೇ. ದಿನಗಳನ್ನು ಒಂದೊಂದಾಗಿ ಎಣಿಸಿ ಹೇಳುವವನು, ತನಗೆ ಬಂದ ಶ್ರೇಯಸ್ಸನ್ನು ಬೇರೆಯವರಿಗೆ ದಾಟಿಸುವವನು ಮುಂದೆ ಅಪಾಯವಿದೆ ಎಂದರೆ ಅದನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕುವುದು ಕಷ್ಟ.

ಲೆಕ್ಕ ಮುಗಿದ ಮೇಲೆ ಮಾತಿನ ನಡೆ ಬದಲಾಗುತ್ತದೆ. 1950ರ ಜನವರಿ 26ರಂದು ಭಾರತ ಸ್ವತಂತ್ರ ದೇಶವಾಗಿರುತ್ತದೆ ಎನ್ನುತ್ತಲೇ ಸಭೆ ಹರ್ಷೋದ್ಗಾರ ಮಾಡಿದ್ದನ್ನು ಕಲಾಪದ ವರದಿ ದಾಖಲಿಸಿದೆ. ಆ ಸದ್ದಿನ ಬೆನ್ನಿಗೇ ಪ್ರಶ್ನೆ: ಈ ಸ್ವಾತಂತ್ರ್ಯ ಉಳಿದೀತೇ, ಮತ್ತೆ ಕೈತಪ್ಪೀತೇ? ಸ್ವಲ್ಪ ಹೊತ್ತಿನ ನಂತರ ಅದೇ ದಿನಾಂಕ ಎರಡನೆಯ ಸಲ ಬರುತ್ತದೆ. ಆ ದಿನ ಭಾರತ ಪ್ರಜಾಪ್ರಭುತ್ವ ದೇಶವಾಗಿರುತ್ತದೆ. ಆ ಪ್ರಜಾಪ್ರಭುತ್ವ ಉಳಿದೀತೇ? ಮೂರನೆಯ ಸಲ ಬರುವಾಗ ಪ್ರಶ್ನೆಗೆ ಮೊದಲು ಸಂಭ್ರಮವೂ ಇಲ್ಲ: ಆ ದಿನ ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸಕ್ಕೆ ನಾವು ಕಾಲಿಡುತ್ತೇವೆ. ಪಲ್ಲವಿಯಂತೆ ಮರಳಿ ಬರುವ ಈ ದಿನಾಂಕ ಭಾಷಣದ ಲಯವನ್ನು ಹಿಡಿದಿಡುತ್ತದೆ. ಒಂದೇ ದಿನಾಂಕ ಮೊದಲು ಹಬ್ಬ, ಆಮೇಲೆ ಶಂಕೆ, ಕೊನೆಗೆ ಆರೋಪ.

ಮೊದಲ ಎರಡು ಶಂಕೆಗಳಿಗೆ ಇತಿಹಾಸವೇ ಸಾಕ್ಷಿ. ಸಿಂಧ್ ಮೇಲೆ ಮಹಮ್ಮದ್ ಬಿನ್ ಕಾಸಿಂ ದಾಳಿ ಮಾಡಿದಾಗ ದಾಹಿರನ ಸೇನಾನಿಗಳು ಲಂಚ ತೆಗೆದುಕೊಂಡದ್ದು, ಜೈಚಂದ್ ಘೋರಿಯನ್ನು ಕರೆದದ್ದು, 1857ರಲ್ಲಿ ಸಿಖ್ಖರು ಸುಮ್ಮನೆ ನಿಂತು ನೋಡಿದ್ದು ಹೀಗೆ ಒಂದರ ಮೇಲೊಂದು ಉದಾಹರಣೆ. ತರ್ಕವಾಗಿ ಇದು ಭಾಷಣದ ದುರ್ಬಲ ಭಾಗ. ಇತಿಹಾಸಕಾರರು ಇಷ್ಟು ಸರಳವಾಗಿ ಯಾವ ಸೋಲನ್ನೂ ವಿವರಿಸುವುದಿಲ್ಲ. ಜೈಚಂದ್ ಪ್ರಸಂಗಕ್ಕೆ ಮೂಲ ಬಹುಮಟ್ಟಿಗೆ ಜನಪ್ರಿಯ ಕಥೆ. ಆದರೆ ಇಲ್ಲಿ ಪಟ್ಟಿಯ ಕೆಲಸ ಪುರಾವೆ ಕೊಡುವುದಲ್ಲ, ಒತ್ತಡ ಏರಿಸುವುದು. ದೇಶದ್ರೋಹದ ಕತೆಗಳು ಸಾಲಾಗಿ ಬಂದಾಗ ಇತಿಹಾಸ ಮರುಕಳಿಸೀತೇ ಎಂಬ ಪ್ರಶ್ನೆ ಕೇಳುಗನ ಬಾಯಲ್ಲೇ ಹುಟ್ಟುತ್ತದೆ.

ಪ್ರಜಾಪ್ರಭುತ್ವ ಉಳಿಸಿಕೊಳ್ಳಲು ಅವರು ಮೂರು ಷರತ್ತುಗಳನ್ನು ಹೇಳುತ್ತಾರೆ. ಮೊದಲನೆಯದನ್ನು ಹೇಳುವುದೇ ಕಠಿಣವಿತ್ತು: ಹಿಂಸೆಯನ್ನಷ್ಟೇ ಅಲ್ಲ, ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನೂ ಬಿಡಬೇಕು. ಎದುರಿಗೆ ಕುಳಿತವರಲ್ಲಿ ಬಹುಮಂದಿ ಸತ್ಯಾಗ್ರಹ ಮಾಡಿ ಜೈಲು ಕಂಡವರು. 1927ರ ಮಹಾಡ್ ಸತ್ಯಾಗ್ರಹದ ನಾಯಕರು ಸ್ವತಃ ಅಂಬೇಡ್ಕರರೇ. ಆದ್ದರಿಂದ ಅವರು ಮೊದಲು ಬಿಟ್ಟುಕೊಡುತ್ತಾರೆ. ಸಾಂವಿಧಾನಿಕ ದಾರಿ ಇಲ್ಲದಿದ್ದಾಗ ಆ ಮಾರ್ಗಗಳಿಗೆ ಸಮರ್ಥನೆಯಿತ್ತು ಎಂದು ಒಪ್ಪಿದ ಮೇಲೆಯೇ, ದಾರಿ ತೆರೆದಿರುವಾಗ ಅವು ಅರಾಜಕತೆಯ ವ್ಯಾಕರಣ ಎಂಬ ಕಟುಮಾತು ಬರುತ್ತದೆ. ಎರಡನೆಯ ಷರತ್ತು ನಾಯಕರ ಆರಾಧನೆ ಬೇಡ ಎಂಬುದು. ಇದಕ್ಕೆ ಅವರು ಕರೆತರುವುದು ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಮತ್ತು ಐರಿಷ್ ನಾಯಕ ಡೇನಿಯಲ್ ಓಕಾನಲ್‌ರನ್ನು. ಹೊರಗಿನವರ ಬಾಯಿಂದ ಮಾತು ಬಂದರೆ ಸಭೆಯಲ್ಲಿದ್ದ ಯಾರ ಹೆಸರನ್ನೂ ಎತ್ತಬೇಕಾಗುವುದಿಲ್ಲ.

ಭಾವ ತುದಿ ಮುಟ್ಟುವುದು ಮೂರನೆಯ ಷರತ್ತಿನಲ್ಲಿ. ರಾಜಕೀಯ ಪ್ರಜಾಪ್ರಭುತ್ವದ ತಳದಲ್ಲಿ ಸಾಮಾಜಿಕ ಪ್ರಜಾಪ್ರಭುತ್ವ ಇರಬೇಕು ಎನ್ನುವಾಗ ಎಷ್ಟು ಕಾಲ ಈ ವಿರೋಧಾಭಾಸದಲ್ಲಿ ಬದುಕುತ್ತೇವೆ, ಎಷ್ಟು ಕಾಲ ಸಮಾನತೆಯನ್ನು ನಿರಾಕರಿಸುತ್ತೇವೆ ಎಂಬ ಪ್ರಶ್ನೆಗಳು ಜೋಡಿಯಾಗಿ ಬರುತ್ತವೆ. ಉತ್ತರವನ್ನೂ ಅವರೇ ಕೊಡುತ್ತಾರೆ: ಬೇಗ ಸರಿಪಡಿಸದಿದ್ದರೆ ಅಸಮಾನತೆಯಿಂದ ನೊಂದವರು, ಈ ಸಭೆ ಅಷ್ಟು ಶ್ರಮಪಟ್ಟು ಕಟ್ಟಿದ ರಾಜಕೀಯ ಪ್ರಜಾಪ್ರಭುತ್ವದ ಸೌಧವನ್ನೇ ಸಿಡಿಸಿಬಿಡುತ್ತಾರೆ. ಶ್ರಮದ ಉಲ್ಲೇಖ ಇಲ್ಲಿ ಸುಮ್ಮನೆ ಬಂದದ್ದಲ್ಲ. 114 ದಿನ, 7,635 ತಿದ್ದುಪಡಿ ಸೂಚನೆಗಳ ಲೆಕ್ಕ ಕೇಳಿದ ಸಭೆಗೆ ಆ ಶ್ರಮ ಎಷ್ಟೆಂದು ಈಗ ಗೊತ್ತು. ಮೊದಲ ಭಾಗದಲ್ಲಿ ಸಭೆಯ ಸಾಧನೆಯಾಗಿದ್ದ ಅಂಕಿಗಳು ಇಲ್ಲಿ, ಕಳೆದುಕೊಳ್ಳಬಹುದಾದದ್ದರ ಅಳತೆಯಾಗಿ ಮರಳುತ್ತವೆ. ಬೆದರಿಕೆಯ ವಾಕ್ಯವನ್ನಷ್ಟೇ ಕತ್ತರಿಸಿ ಓದಿದವರಿಗೆ ಈ ನಂಟು ಸಿಗುವುದಿಲ್ಲ.

ಕರ್ತೃಪದಗಳನ್ನು ಹಿಂಬಾಲಿಸಿದರೆ ಇನ್ನೊಂದು ವಿನ್ಯಾಸ ಕಾಣುತ್ತದೆ. ಮೊದಲು ಮಾತಾಡುವುದು ‘ನಾನು’: ನನ್ನ ಅಚ್ಚರಿ, ನನ್ನ ಕೃತಜ್ಞತೆ. ವಿರೋಧಾಭಾಸದ ಭಾಗಕ್ಕೆ ಬರುವ ಹೊತ್ತಿಗೆ ‘ನಾವು’ ಮುಂದೆ ಬಂದಿರುತ್ತದೆ. ಶೋಷಿತ ಸಮುದಾಯದಿಂದ ಬಂದ ವಕ್ತಾರ ಅಸಮಾನತೆಯನ್ನು ಮುಂದುವರಿಸುವ ‘ನಾವು’ ಒಳಗೆ ತನ್ನನ್ನೂ ಸೇರಿಸಿಕೊಳ್ಳುವುದರಿಂದ ಆರೋಪದ ಮೊನೆ ಮೊಂಡಾಗುತ್ತದೆ, ಆದರೆ ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ. ಇನ್ನು ಏನೇ ಕೆಟ್ಟರೂ ಬ್ರಿಟಿಷರನ್ನು ದೂರುವಂತಿಲ್ಲ, ನಮ್ಮನ್ನೇ ದೂರಬೇಕು ಎಂಬ ಮಾತೂ ಇದೇ ‘ನಾವು’ ಮೇಲೆ ನಿಂತಿದೆ. ಮುಕ್ತಾಯದಲ್ಲಿ ಘೋಷಣೆಯಿಲ್ಲ, ಕವಿತೆಯಿಲ್ಲ. ಜನರಿಂದ ನಡೆಯುವ ಸರ್ಕಾರಕ್ಕಿಂತ ಜನರಿಗಾಗಿ ನಡೆಯುವ ಸರ್ಕಾರವೇ ಸಾಕು ಎನ್ನಿಸುವಂತೆ ಮಾಡುವ ಕೇಡುಗಳನ್ನು ಗುರುತಿಸಲು ತಡಮಾಡಬಾರದು ಎಂಬ ಉದ್ದನೆಯ ವಾಕ್ಯ, ದೇಶಸೇವೆಗೆ ಇದೊಂದೇ ದಾರಿ ಎಂಬ ಗಿಡ್ಡ ವಾಕ್ಯ, ಇದಕ್ಕಿಂತ ಒಳ್ಳೆಯದು ತನಗೆ ಗೊತ್ತಿಲ್ಲ ಎಂಬ ಇನ್ನೂ ಗಿಡ್ಡ ವಾಕ್ಯ. ಅಲ್ಲಿ ‘ನಾನು’ ಹಿಂದಿರುಗುತ್ತದೆ, ಈ ಸಲ ಹೊಗಳಿಕೆಗೆ ಉತ್ತರ ಕೊಡಲು ಅಲ್ಲ, ಹೇಳಿದ್ದಕ್ಕೆಲ್ಲ ಹೊಣೆಯಾಗಿ ನಿಲ್ಲಲು.