ಇಡ್ಲಿ ಎಂದು ಬರೆದರೆ ಸಾಲದು

ಆ ಹುಡುಗಿಗಾಗಿ ಶಾಲೆಗೆ ನಾನು ಬರೆದ ಮೊದಲ ಪತ್ರ ಎರಡು ಪುಟದ್ದು. ಸೀಲಿಯಾಕ್ ಎಂಬ ಕಾಯಿಲೆಯ ಹೆಸರು, ಅದು ಯಾಕೆ ಬರುತ್ತದೆ, ಯಾವ ಧಾನ್ಯ ಕೂಡದು, ಎಲ್ಲ ಇತ್ತು. ಕೊನೆಯಲ್ಲಿ ‘ಅನ್ನ, ಸಾರು, ಇಡ್ಲಿ, ಅವಲಕ್ಕಿ ಕೊಡಬಹುದು’ ಎಂದು ಬರೆದು ಸಹಿ ಹಾಕಿದ್ದೆ. ಡಯಟೀಷಿಯನ್ ಆಗಿ ಅಂಥ ಪತ್ರಗಳನ್ನು ಮೊದಲೂ ಬರೆದಿದ್ದೆನಾದ್ದರಿಂದ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಹುಡುಗಿಗೆ ಆಗ ಏಳು ವರ್ಷ, ಎರಡನೇ ತರಗತಿ. ಅವಳಿಗೆ ಹೊಟ್ಟೆನೋವು, ಭೇದಿ ಇದ್ದುದು ಅಪರೂಪ. ಬಿಳಿಚಿಕೊಂಡಿದ್ದಳು, ಆರು ತಿಂಗಳು ಕಬ್ಬಿಣಾಂಶದ ಸಿರಪ್ ಕುಡಿದರೂ ರಕ್ತ ಏರಿರಲಿಲ್ಲ, ಎರಡು ವರ್ಷದಿಂದ ಎತ್ತರ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಟಿಟಿಜಿ ಎಂಬ ರಕ್ತಪರೀಕ್ಷೆಯ ಅಂಕೆ ಇರಬೇಕಾದುದಕ್ಕಿಂತ ಹತ್ತು ಪಟ್ಟಿಗೂ ಮೇಲೆ ಹೋಗಿತ್ತು. ಮನೆಯಲ್ಲಿ ಗೋಧಿ ನಿಲ್ಲಿಸಿದರು. ರಕ್ತ ಏರಿತು, ಮುಖಕ್ಕೆ ಕಳೆ ಬಂತು. ಒಂಬತ್ತು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿದಾಗ ಟಿಟಿಜಿ ನಾಲ್ಕು ಪಟ್ಟಿಗೆ ಇಳಿದಿತ್ತು. ಇನ್ನು ಮೂರು ತಿಂಗಳು ಬಿಟ್ಟು ನೋಡಿದರೂ ಅಲ್ಲೇ ನಿಂತಿತ್ತು. ಈ ಅಂಕೆ ಸಹಜಕ್ಕೆ ಬರಲು ಒಂದೆರಡು ವರ್ಷ ಹಿಡಿಯಬಹುದು, ಅದು ಸರಿ. ಆದರೆ ಇಳಿಯುತ್ತಾ ಇರಬೇಕು. ಇಳಿಯದೆ ನಿಂತರೆ ಎಲ್ಲಿಂದಲೋ ಗೋಧಿ ಒಳಗೆ ಹೋಗುತ್ತಿದೆ ಎಂದೇ ಮೊದಲು ಅನುಮಾನಿಸಬೇಕು.

ಮನೆಯ ಅಡುಗೆಮನೆಯನ್ನು ಡಬ್ಬಿ ಡಬ್ಬಿಯಾಗಿ ಜಾಲಾಡಿದೆವು, ಏನೂ ಸಿಗಲಿಲ್ಲ. ಬೆಳಗಿನ ತಿಂಡಿ ಅವಳಿಗೆ ಶಾಲೆಯಲ್ಲೇ. ಒಂದು ಗುರುವಾರ ಅಲ್ಲಿಗೆ ಹೋದೆ. ದೊಡ್ಡ ತಟ್ಟೆಗಳಲ್ಲಿ ಹಬೆಯಾಡುತ್ತಾ ಇಡ್ಲಿ ಇಳಿಯುತ್ತಿತ್ತು. ಗೋಡಂಬಿ, ಸಾಸಿವೆ, ಕೊತ್ತಂಬರಿ ಹಾಕಿದ ರವೆ ಇಡ್ಲಿ. ಅಡುಗೆಯ ಅಕ್ಕ ನನ್ನ ಮುಖ ನೋಡಿ, ‘ನೀವೇ ಇಡ್ಲಿ ಕೊಡಬಹುದು ಅಂತ ಬರ್ದಿದ್ರಂತಲ್ಲ ಮೇಡಂ?’ ಎಂದರು. ಪತ್ರವನ್ನು ಅವರು ನೋಡಿಯೇ ಇರಲಿಲ್ಲ. ಅದು ಆಫೀಸಿನ ಫೈಲಿನಲ್ಲಿತ್ತು. ಆ ಕೊನೆಯ ಸಾಲನ್ನು ಮಾತ್ರ ಯಾರೋ ಬಾಯಲ್ಲಿ ಹೇಳಿದ್ದರು, ಅವರು ಅದನ್ನು ನಿಷ್ಠೆಯಿಂದ ಪಾಲಿಸಿದ್ದರು.

ನಮ್ಮಲ್ಲಿ ‘ಇಡ್ಲಿ ರವೆ’ ಎಂದರೆ ಅಕ್ಕಿಯದು, ‘ರವೆ ಇಡ್ಲಿ’ ಎಂದರೆ ಗೋಧಿಯದು. ಎರಡು ಪದ ಹಿಂದುಮುಂದಾದರೆ ಈ ಮಗುವಿನ ಪಾಲಿಗೆ ಊಟ ಹೋಗಿ ವಿಷವಾಗುತ್ತದೆ. ಎರಡು ರವೆ ಇಡ್ಲಿಗೆ ಸುಮಾರು ಐವತ್ತು ಗ್ರಾಂ ರವೆ ಹಿಡಿದರೂ ಅದರಲ್ಲಿ ನಾಲ್ಕು ಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುತ್ತದೆ. ವಾರಕ್ಕೊಮ್ಮೆ, ತಪ್ಪದೆ, ಒಂದು ವರ್ಷ.

ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ಚಪಾತಿ ಹಿಟ್ಟನ್ನು ಎಳೆದರೆ ಹರಿಯದೆ ಹಿಗ್ಗುವುದು ಇದರಿಂದಲೇ. ಸೀಲಿಯಾಕ್ ಇರುವವರ ದೇಹ ಈ ಪ್ರೋಟೀನು ಬಂದಾಗ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ಟವೆಲ್ಲಿನ ನವಿರಿನಂತೆ ಎದ್ದು ನಿಂತಿರುವ ಸಣ್ಣ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಅನ್ನದ ಸಾರ ಹೀರುವುದು ಅವೇ ಆದ್ದರಿಂದ, ತಿಂದದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಮಾತ್ರೆಯಿಲ್ಲ. ಗ್ಲುಟೆನ್ ಬಿಡಬೇಕು, ಜೀವನಪೂರ್ತಿ ಬಿಡಬೇಕು. ಬಿಟ್ಟರೆ ಚಾಚುಗಳು ಮತ್ತೆ ಬೆಳೆಯುತ್ತವೆ.

ಗೋಧಿಯೇ ಇದಕ್ಕೆ ಕಾರಣ ಎಂದು ತೋರಿಸಿಕೊಟ್ಟವರು ವಿಲ್ಲೆಮ್ ಡಿಕ್ಕೆ ಎಂಬ ಡಚ್ ಮಕ್ಕಳ ವೈದ್ಯರು. 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡು ಸಿಗದೆ ಜನ ಹಸಿವಿನಿಂದ ನರಳುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿ ಬಂದಾಗ ಮತ್ತೆ ಬಿದ್ದರು. ಅದೇ ಮಹಾಯುದ್ಧದ ಕಾಲದಲ್ಲಿ, ಅಕ್ಕಿಯ ಅಭಾವವಾದಾಗ, ಬೆಂಗಳೂರಿನಲ್ಲಿ ರವೆ ಇಡ್ಲಿ ಹುಟ್ಟಿತು ಎಂದು ಹೇಳುತ್ತಾರೆ. ಆ ಗುರುವಾರ ಶಾಲೆಯಿಂದ ಹಿಂದಿರುಗುವಾಗ ಇವೆರಡೂ ಒಟ್ಟಿಗೆ ನೆನಪಾದವು.

ನಮ್ಮ ಶಾಲೆಗಳಲ್ಲಿ ಈ ಕಾಯಿಲೆಯ ಹೆಸರು ಕೇಳಿದವರು ಕಡಿಮೆ, ಅದಕ್ಕೆ ಕಾರಣವೂ ಇದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನರಲ್ಲಿ ಇದು ಕಂಡರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಕಂಡಿತ್ತು. ಇಡೀ ಶಾಲೆಗೆ ಒಂದೇ ಮಗು. ಹಾಗಾಗಿ ಆ ಒಂದು ಕಾಗದವೇ ಎಲ್ಲವನ್ನೂ ಹೇಳಬೇಕಾಗುತ್ತದೆ.

ಎರಡನೇ ಪತ್ರವನ್ನು ಅಡುಗೆಯ ಅಕ್ಕನ ಪಕ್ಕ ಕುಳಿತೇ ಬರೆದೆ. ಧಾನ್ಯಗಳ ಹೆಸರು ಬಿಟ್ಟು, ಶಾಲೆಯ ವಾರದ ತಿಂಡಿಪಟ್ಟಿಯನ್ನೇ ಎದುರಿಗಿಟ್ಟುಕೊಂಡೆವು. ಸೋಮವಾರ ಉಪ್ಪಿಟ್ಟು: ಕೊಡಬಾರದು, ಅವಳಿಗೆ ಅವಲಕ್ಕಿ. ಮಂಗಳವಾರ ಅಕ್ಕಿ ಇಡ್ಲಿ: ಕೊಡಬಹುದು. ಗುರುವಾರ ರವೆ ಇಡ್ಲಿ: ಕೊಡಬಾರದು, ಮಂಗಳವಾರದ ಹಿಟ್ಟಿನಿಂದ ಒಂದು ಪಾಲು ಫ್ರಿಜ್ಜಿನಲ್ಲಿಟ್ಟು ಅವಳಿಗೆ ಬೇರೆ ತಟ್ಟೆಯಲ್ಲಿ ಹಾಕುವುದು. ಶನಿವಾರ ದೋಸೆ ಎಂದಾಗ ನಾನು ಮುಂದಕ್ಕೆ ಹೋಗುತ್ತಿದ್ದೆ. ಅಕ್ಕನೇ ತಡೆದು, ‘ಗರಿಗರಿ ಬರ್ಲಿ ಅಂತ ಒಂದ್ ಹಿಡಿ ಚಿರೋಟಿ ರವೆ ಹಾಕ್ತೀವಿ’ ಎಂದರು. ಅದು ಯಾವ ಪುಸ್ತಕದಲ್ಲೂ ನನಗೆ ಸಿಗುತ್ತಿರಲಿಲ್ಲ.

ಮುಂದಿನದು ಅಳತೆಯ ಮಾತು. ‘ಒಂಚೂರು ತಿಂದ್ರೆ ಏನಾಗುತ್ತೆ’ ಎಂಬ ಪ್ರಶ್ನೆ ಪ್ರೀತಿಯಿಂದಲೇ ಬರುತ್ತದೆ. ಉತ್ತರ ಅಂಕೆಯಲ್ಲಿದೆ. ಮೂವತ್ತು ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಸುಮಾರು ಎರಡೂವರೆ ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 50 ಮಿಲಿಗ್ರಾಂ, ಅಂದರೆ ಆ ಚಪಾತಿಯ ಐವತ್ತನೇ ಒಂದು ಭಾಗ, ಮೂರು ತಿಂಗಳು ಹೋದರೆ ಕರುಳು ಕೆಡಬಲ್ಲದು ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಹೆಚ್ಚಿನವರಿಗೆ 10 ಮಿಲಿಗ್ರಾಂ ಒಳಗಿದ್ದರೆ ತೊಂದರೆಯಿಲ್ಲ ಎಂದು ಲೆಕ್ಕ ಹಿಡಿಯುತ್ತೇವೆ. ಚಪಾತಿ ಲಟ್ಟಿಸಿದ ಕಟ್ಟೆಯ ಮೇಲಿನ ಪುಡಿ, ಪೂರಿ ಕರಿದ ಎಣ್ಣೆಯಲ್ಲೇ ಕರಿದ ಹಪ್ಪಳ, ಉಪ್ಪಿಟ್ಟು ಬಡಿಸಿದ ಸೌಟು, ಇವೆಲ್ಲ ಲೆಕ್ಕಕ್ಕೆ ಬರುವುದು ಹೀಗೆ. ಆದ್ದರಿಂದ ಅವಳಿಗೆ ಒಂದು ತಟ್ಟೆ, ಒಂದು ಸೌಟು, ಮುಚ್ಚಳವಿರುವ ಒಂದು ಡಬ್ಬಿ ಬೇರೆ ಇಟ್ಟು, ಹಿಡಿಗೆ ಕೆಂಪು ಟೇಪು ಸುತ್ತಿದೆವು. ಎಲ್ಲರಿಗಿಂತ ಮೊದಲು ಅವಳಿಗೆ ತೆಗೆದಿಡುವುದು ಇನ್ನೊಂದು ನಿಯಮ. ಬೇರೆ ಅಡುಗೆಮನೆ ಬೇಕಿಲ್ಲ.

ಇಂಗಿನ ಬಗ್ಗೆ ಬೇರೆಯಾಗಿ ಬರೆದೆ. ಅಂಗಡಿಯಲ್ಲಿ ಸಿಗುವ ಇಂಗಿನ ಪುಡಿ ಶುದ್ಧ ಇಂಗಲ್ಲ, ಬಹಳಷ್ಟರಲ್ಲಿ ಮೈದಾ ಬೆರೆತಿರುತ್ತದೆ. ದೊಡ್ಡ ಪಾತ್ರೆಯ ಸಾರಿಗೆ ಒಂದು ಚಿಟಿಕೆ ಬಿದ್ದರೆ ಒಂದು ಬಟ್ಟಲಿಗೆ ಬರುವುದು ಅತ್ಯಲ್ಪ, ಅದರಿಂದಲೇ ಹೆದರಬೇಕಿಲ್ಲ. ಆದರೆ ಅದು ದಿನವೂ ಬೀಳುವಂಥದ್ದು, ತಪ್ಪಿಸುವುದೂ ಸುಲಭ: ಅಕ್ಕಿ ಹಿಟ್ಟು ಬೆರೆಸಿದ ಇಂಗು ತರಬಹುದು, ಇಲ್ಲವೇ ಒಗ್ಗರಣೆ ಹಾಕುವ ಮೊದಲೇ ಅವಳ ಪಾಲು ತೆಗೆಯಬಹುದು.

ರಾಗಿಯ ಹೆಸರಲ್ಲೂ ಮೋಸ ಹೋಗುತ್ತೇವೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಅಂಗಡಿಯ ರಾಗಿ ಬಿಸ್ಕತ್ತಿನಲ್ಲಿ, ರಾಗಿ ಶಾವಿಗೆಯಲ್ಲಿ ಸಾಮಾನ್ಯವಾಗಿ ಗೋಧಿಯೋ ಮೈದಾವೋ ಬೆರೆತಿರುತ್ತದೆ. ಶುದ್ಧ ರಾಗಿಯನ್ನೇ ಗಿರಣಿಗೆ ಕೊಟ್ಟರೂ, ಅದಕ್ಕೆ ಮೊದಲು ಗೋಧಿ ಬೀಸಿದ್ದರೆ ಕಲ್ಲಿನ ನಡುವೆ ಉಳಿದದ್ದು ನಮ್ಮ ಹಿಟ್ಟಿಗೆ ಬರುತ್ತದೆ. ಹುಡುಗಿಯ ತಾಯಿ ರಾಗಿಯನ್ನು ತೊಳೆದು ಒಣಗಿಸಿ ಮಿಕ್ಸಿಯಲ್ಲೇ ಪುಡಿ ಮಾಡಿ ಶಾಲೆಗೂ ಒಂದು ಡಬ್ಬಿ ಕೊಡುತ್ತಾರೆ. ಇನ್ನು ‘ಮಾಲ್ಟ್’ ಎಂಬ ಮಾತು. ಮನೆಯ ರಾಗಿ ಮಾಲ್ಟ್ ರಾಗಿಯದೇ. ಹಾಲಿಗೆ ಬೆರೆಸುವ ಪೊಟ್ಟಣದ ಪುಡಿಗಳ ಮೇಲೆ ಮಾಲ್ಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಬಾರ್ಲಿಯದು.

ತರಗತಿಯ ಮಿಸ್‌ಗೆ ಬೇರೆ ಹಾಳೆ. ಹುಟ್ಟುಹಬ್ಬದ ಕೇಕು, ಹಂಚಿಕೊಂಡು ತಿನ್ನುವ ಡಬ್ಬಿ ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದಿರುವುದು ಬಣ್ಣದ ಆಟದ ಹಿಟ್ಟು. ಅದನ್ನು ಮೈದಾದಿಂದಲೇ ಮಾಡಿರುತ್ತಾರೆ. ಮುಟ್ಟಿದರೆ ತೊಂದರೆಯಿಲ್ಲ, ಕೈ ಬಾಯಿಗೆ ಹೋದರೆ ತೊಂದರೆ. ಆಟವಾದ ಮೇಲೆ ಸೋಪು ಹಾಕಿ ತೊಳೆಸಬೇಕು. ಸ್ಯಾನಿಟೈಸರ್ ರೋಗಾಣುಗಳಿಗೆ, ಅದರಿಂದ ಹಿಟ್ಟು ಹೋಗುವುದಿಲ್ಲ. ಮಿಸ್ ಅವರ ಕಪಾಟಿನಲ್ಲಿ ಕಡಲೆಕಾಯಿ ಚಿಕ್ಕಿಯ ಒಂದು ಡಬ್ಬಿ ಇಟ್ಟೆವು. ಎಲ್ಲರಿಗೂ ಸಿಹಿ ಹಂಚುವಾಗ ಇವಳ ಕೈಗೂ ಅದೇ ಹೊತ್ತಿಗೆ ಏನಾದರೂ ಬೀಳಬೇಕು.

ಮಿಸ್ ಹೆಚ್ಚು ಕೇಳಿದ್ದು, ತಪ್ಪಿ ತಿಂದುಬಿಟ್ಟರೆ ಏನು ಮಾಡುವುದು ಎಂದು. ಇದು ಕಡಲೆಕಾಯಿ ಅಲರ್ಜಿಯಂಥದ್ದಲ್ಲ. ಉಸಿರು ಕಟ್ಟುವುದಿಲ್ಲ, ಕೂಡಲೇ ಕೊಡುವ ಇಂಜೆಕ್ಷನ್ನಿಲ್ಲ, ಪ್ರತಿಮದ್ದೂ ಇಲ್ಲ. ಬೆರಳು ಹಾಕಿ ವಾಂತಿ ಮಾಡಿಸಬಾರದು. ಮಗು ಚೆನ್ನಾಗಿದ್ದರೆ ಏನು ತಿಂದಳು, ಎಷ್ಟು, ಎಷ್ಟು ಗಂಟೆಗೆ ಎಂದು ಡೈರಿಯಲ್ಲಿ ಬರೆದು, ಪೊಟ್ಟಣವಿದ್ದರೆ ಎತ್ತಿಟ್ಟು, ಅಂದೇ ತಾಯಿಗೆ ತಿಳಿಸಬೇಕು. ಬೈಯಬಾರದು ಎಂಬ ಸಾಲಿಗೆ ಅಡಿಗೆರೆ ಎಳೆದಿದ್ದೇನೆ, ಒಮ್ಮೆ ಬೈಸಿಕೊಂಡ ಮಗು ಮುಂದಿನ ಸಲ ಹೇಳುವುದೇ ಇಲ್ಲ.

ಕೆಲವರಿಗೆ ಒಂದೆರಡು ಗಂಟೆಯಲ್ಲೇ ವಾಂತಿ, ಹೊಟ್ಟೆ ಹಿಂಡುವ ನೋವು, ಆಮೇಲೆ ಭೇದಿ ಶುರುವಾಗುತ್ತದೆ. ಆಗ ಮಲಗಿಸಿ, ಒಬ್ಬಳನ್ನೇ ಬಿಡದೆ, ಓಆರ್‌ಎಸ್ ಕೊಡಬೇಕು. ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟಕ್ಕೇ ಕಲಸಬೇಕು, ಅರ್ಧ ಪೊಟ್ಟಣ ಅರ್ಧ ಲೋಟಕ್ಕೆ ಎಂಬ ಅಂದಾಜು ಬೇಡ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ. ಪ್ರತಿ ಭೇದಿಗೆ 100ರಿಂದ 200 ಮಿಲಿಲೀಟರ್. ಸಿಹಿಯ ಪಾನೀಯ ಇದರ ಬದಲಿಗೆ ಆಗುವುದಿಲ್ಲ. ಶಾಲೆಯಲ್ಲಿರುವ ಯಾವ ಮಾತ್ರೆಯನ್ನೂ ಕೊಡಬಾರದು. ಬಾತ್‌ರೂಮಿಗೆ ಹೋಗಲು ಅವಳು ಕೇಳಿ ಕಾಯಬೇಕಿಲ್ಲ.

ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಕಣ್ಣು ಒಳಗಿಳಿದು ಮಂಕಾದರೆ, ಗಂಟೆಗಟ್ಟಲೆ ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ತಾಯಿ ಬರಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ತುಟಿ ಊದಿಕೊಂಡು, ಮೈಯೆಲ್ಲ ದದ್ದೆದ್ದು, ಉಸಿರಾಟಕ್ಕೆ ಕಷ್ಟವಾದರೆ ಅದು ಸೀಲಿಯಾಕ್ ಅಲ್ಲ, ಬೇರೆ ಯಾವುದೋ ಅಲರ್ಜಿ. ‘ಅವಳ ಹಳೇ ಕಾಯಿಲೆ’ ಎಂದು ಸುಮ್ಮನೆ ಕೂರದೆ ಆ ಕ್ಷಣವೇ 108ಕ್ಕೆ ಕರೆ ಮಾಡಬೇಕು. ಪತ್ರದಲ್ಲಿ ಇದೊಂದು ಸಾಲನ್ನು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿಸಿದೆ.

ಈಗ ಆ ಪತ್ರದ ಒಂದು ಪ್ರತಿ ಅಡುಗೆಮನೆಯ ಗೋಡೆಯಲ್ಲಿದೆ, ಒಂದು ಮಿಸ್ ಅವರ ಹಾಜರಿ ಪುಸ್ತಕದಲ್ಲಿ, ಒಂದು ಶಾಲೆಯ ವ್ಯಾನಿನ ಚಾಲಕರ ಬಳಿ. ಜೂನಿನಲ್ಲಿ ತಿಂಡಿಪಟ್ಟಿ ಬದಲಾದಾಗ ಪತ್ರವೂ ಬದಲಾಗುತ್ತದೆ. ಟಿಟಿಜಿ ಮತ್ತೆ ಇಳಿಯತೊಡಗಿ, ಮುಂದಿನ ವರ್ಷ ಸಹಜಕ್ಕೆ ಬಂತು. ಹುಡುಗಿ ಆ ವರ್ಷ ಆರೂವರೆ ಸೆಂಟಿಮೀಟರ್ ಎತ್ತರವಾದಳು.

ಸರಸ್ವತಿ ಪೂಜೆಯ ಹಿಂದಿನ ದಿನ ಅಡುಗೆಯ ಅಕ್ಕ ಫೋನ್ ಮಾಡಿದ್ದರು. ‘ಪ್ರಸಾದಕ್ಕೆ ಕೇಸರಿಬಾತು ಮೇಡಂ. ಅವಲಕ್ಕೀನ ತರಿತರಿಯಾಗಿ ಪುಡಿ ಮಾಡ್ಕೊಂಡು ಎಲ್ರಿಗೂ ಅದ್ರಲ್ಲೇ ಮಾಡಿದ್ರೆ ಹೇಗೆ?’ ಆಗಬಹುದು ಎಂದೆ. ಅವರು ಇಡಲಿಲ್ಲ. ‘ಆದ್ರೆ ತುಪ್ಪದ ಡಬ್ಬಿಗೆ ನಿನ್ನೆ ಚಪಾತಿ ಸವರಿದ ಚಮಚ ಬಿದ್ದಿತ್ತು,’ ಎಂದರು. ‘ಹೊಸ ಡಬ್ಬಿ ಒಡೀತೀನಿ ಬಿಡಿ.’