ಹೆಡ್‌ಫೋನಿನಲ್ಲಿ ಕೇಳುವ ಮಾತು ಮೊಬೈಲಿನಲ್ಲಿ ಮಾಯ

ಸಾಹಿತ್ಯ ಕಾರ್ಯಕ್ರಮವೊಂದರ ವಿಡಿಯೋ ವಾಟ್ಸ್ಯಾಪ್ ಗುಂಪಿಗೆ ಬಂದು ಬೀಳುತ್ತದೆ. ಶೀರ್ಷಿಕೆಯ ಹಿಂದೆ ಹಾಕಿದ ವೀಣೆಯ ತುಣುಕು ಮೊಬೈಲಿನಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಆಮೇಲೆ ಭಾಷಣಕಾರರು ಮೈಕಿನ ಮುಂದೆ ಬಂದು ಮಾತಾಡತೊಡಗುತ್ತಾರೆ. ತುಟಿ ಅಲ್ಲಾಡುತ್ತದೆ, ದನಿ ಇಲ್ಲ. ಕಿವಿಗೊಟ್ಟು ಆಲಿಸಿದರೆ ನೀರಿನೊಳಗಿಂದ ಬಂದಂಥ ಕ್ಷೀಣ ಗುಸುಗುಸು ಮಾತ್ರ. ನೋಡಿದವರು ದೂರುತ್ತಾರೆ, ವಿಡಿಯೋ ಮಾಡಿದವರು ಹೆಡ್‌ಫೋನ್ ಹಾಕಿ ಕೇಳಿ ‘ಎಲ್ಲ ಸರಿಯಾಗಿದೆಯಲ್ಲ’ ಎನ್ನುತ್ತಾರೆ. ಇಬ್ಬರ ಮಾತೂ ನಿಜ.

ಸ್ಟೀರಿಯೋ ಧ್ವನಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಎಂದು ಎರಡು ಚಾನೆಲ್ ಇರುತ್ತವೆ. ಹೆಡ್‌ಫೋನ್ ಅವನ್ನು ಒಂದೊಂದು ಕಿವಿಗೆ ಬೇರೆಬೇರೆಯಾಗಿ ಮುಟ್ಟಿಸುತ್ತದೆ. ಒಂದೇ ಸ್ಪೀಕರ್ ಇರುವ ಮೊಬೈಲು, ಪುಟ್ಟ ಬ್ಲೂಟೂತ್ ಸ್ಪೀಕರುಗಳು ಹಾಗೆ ಮಾಡಲಾರವು. ಅವು ಎರಡನ್ನೂ ಕೂಡಿಸಿ ಒಂದಾಗಿ ನುಡಿಸುತ್ತವೆ. ಇದೇ ಮೋನೋ. ಎಡದ ಅಲೆ ಮೇಲೇಳುವ ಕ್ಷಣದಲ್ಲಿ ಬಲದ ಅಲೆ ಅಷ್ಟೇ ಪ್ರಮಾಣದಲ್ಲಿ ಕೆಳಗಿಳಿಯುತ್ತಿದ್ದರೆ ಕೂಡಿದಾಗ ಉಳಿಯುವುದು ಸೊನ್ನೆ. ಒಂದೇ ಬಾಗಿಲನ್ನು ಇಬ್ಬರು ಎರಡು ಕಡೆಯಿಂದ ಸಮಬಲದಲ್ಲಿ ತಳ್ಳಿದರೆ ಅದು ಅಲುಗಾಡುವುದಿಲ್ಲವಲ್ಲ, ಹಾಗೆ. ವೀಣೆಯ ಸದ್ದು ಎರಡೂ ಚಾನೆಲಿನಲ್ಲಿ ಒಂದೇ ದಿಕ್ಕಿಗೆ ಏರಿಳಿಯುತ್ತಿದ್ದುದರಿಂದ ಉಳಿಯಿತು. ಮಾತು ಒಂದು ಕಡೆ ಉಲ್ಟಾ ಆಗಿದ್ದುದರಿಂದ ಅಳಿಯಿತು. ವಿಡಿಯೋವನ್ನು ಕುಗ್ಗಿಸಿದಾಗ ಎರಡು ಚಾನೆಲುಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸ ಸೇರಿಕೊಳ್ಳುತ್ತದೆ. ಪೂರ್ತಿ ಅಳಿಯದೆ ಉಳಿದ ಆ ಚೂರುಗಳೇ ಗುಸುಗುಸುವಿನಂತೆ ಕೇಳಿಸುವುದು.

ಮಾತು ಹೀಗೆ ಉಲ್ಟಾ ಆಗುವುದೆಲ್ಲಿ? ಇಂಥ ವಿಡಿಯೋಗಳಲ್ಲಿ ತಪ್ಪು ಬಹುಮಟ್ಟಿಗೆ ಒಂದು ಕೇಬಲಿನಲ್ಲಿರುತ್ತದೆ.

ಮೈಕ್‌ಸೆಟ್ಟಿನವರ ಮಿಕ್ಸರಿನಿಂದ ಕ್ಯಾಮೆರಾಗೆ ಧ್ವನಿ ತೆಗೆದುಕೊಳ್ಳುವಾಗ ಒಂದು ತುದಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಹೆಡ್‌ಫೋನಿನದರಂಥ 3.5 ಮಿ.ಮೀ. ಜಾಕ್ ಇರುವ ಕೇಬಲ್ ಬಳಸುವುದುಂಟು. ಎಕ್ಸ್‌ಎಲ್‌ಆರ್‌ನಲ್ಲಿ 1ನೇ ಪಿನ್ ಗ್ರೌಂಡ್. 2ನೆಯದರಲ್ಲಿ ಧ್ವನಿ ನೇರವಾಗಿ ಹರಿಯುತ್ತದೆ, 3ನೆಯದರಲ್ಲಿ ಅದೇ ಧ್ವನಿ ಉಲ್ಟಾ ಆಗಿ ಹರಿಯುತ್ತದೆ. ಇದು ದೋಷವಲ್ಲ, ಬಹಳ ಜಾಣ ಏರ್ಪಾಟು. ಸಭಾಂಗಣದ ಉದ್ದಕ್ಕೂ ಎಳೆದ ತಂತಿಗೆ ಕರೆಂಟಿನ ಗುಂಯ್‌ಗುಡುವ ಸದ್ದು ಅಂಟಿಕೊಂಡರೆ ಅದು ಎರಡೂ ತಂತಿಗೆ ಒಂದೇ ಬಗೆಯಲ್ಲಿ ಅಂಟುತ್ತದೆ. ಆ ತುದಿಯ ಉಪಕರಣ ಒಂದರಿಂದ ಇನ್ನೊಂದನ್ನು ಕಳೆದಾಗ ಗುಂಯ್ ಸದ್ದು ಹೋಗುತ್ತದೆ, ಉಲ್ಟಾ ಇದ್ದ ಮಾತು ಮಾತ್ರ ಇಮ್ಮಡಿಯಾಗಿ ಉಳಿಯುತ್ತದೆ.

ಆದರೆ ಕ್ಯಾಮೆರಾದ ಚಿಕ್ಕ ಜಾಕಿಗೆ ಈ ಏರ್ಪಾಟು ಗೊತ್ತಿಲ್ಲ. ಅದರ ತುದಿಯ ಭಾಗ ಎಡ ಚಾನೆಲ್, ನಡುವಿನ ಉಂಗುರ ಬಲ ಚಾನೆಲ್. 2ನೇ ಪಿನ್ನು ತುದಿಗೂ 3ನೇ ಪಿನ್ನು ಉಂಗುರಕ್ಕೂ ಜೋಡಿಸಿದ ಕೇಬಲ್ ಸಿಕ್ಕಿಸಿದರೆ ನೇರ ಮಾತು ಎಡಕ್ಕೆ, ಉಲ್ಟಾ ಮಾತು ಬಲಕ್ಕೆ ಹೋಗಿ ಕೂರುತ್ತದೆ. ಕ್ಯಾಮೆರಾ ಪರದೆಯ ಮೀಟರಿನಲ್ಲಿ ಎರಡು ಪಟ್ಟಿಗಳೂ ಸಮನಾಗಿ ಕುಣಿಯುತ್ತಿರುತ್ತವೆ. ಮೀಟರು ಸದ್ದಿನ ಎತ್ತರವನ್ನು ತೋರಿಸುತ್ತದೆಯೇ ಹೊರತು ದಿಕ್ಕನ್ನಲ್ಲ; ಅನುಭವಿ ಕ್ಯಾಮೆರಾಮನ್‌ಗಳೂ ಮೋಸ ಹೋಗುವುದು ಇಲ್ಲೇ.

ಇದೇ ಕೇಬಲ್ ಬೇರೆ ಮಿಕ್ಸರಿಗೆ ಹಾಕಿದಾಗ ಬೇರೆಯದೇ ಕಾಯಿಲೆ ಹುಟ್ಟಬಹುದು. ಕೆಲವು ಮಿಕ್ಸರುಗಳ ಔಟ್‌ಪುಟ್ಟಿನಲ್ಲಿ 3ನೇ ಪಿನ್ನಿಗೆ ಧ್ವನಿಯನ್ನೇ ಕೊಟ್ಟಿರುವುದಿಲ್ಲ. ಎರಡೂ ತಂತಿಗಳ ವಿದ್ಯುತ್ ತಡೆ ಮಾತ್ರ ಸಮನಾಗಿರುತ್ತದೆ. ಗುಂಯ್ ಸದ್ದು ಕಳೆಯಲು ಅಷ್ಟು ಸಾಕು. ಅಂಥ ಮಿಕ್ಸರಿನಿಂದ ಬಂದಾಗ ಎಡಗಿವಿಯಲ್ಲಿ ಮಾತು, ಬಲಗಿವಿಯಲ್ಲಿ ಮೌನ. ‘ಒಂದೇ ಕಡೆ ಕೇಳುತ್ತದೆ’ ಎಂಬ ದೂರೂ ‘ಮೊಬೈಲಿನಲ್ಲಿ ಕೇಳುವುದೇ ಇಲ್ಲ’ ಎಂಬ ದೂರೂ ಒಂದೇ ತಂತಿಯಿಂದ ಬಂದಿರಬಹುದು.

ರಿಪೇರಿಗೆ ಕೈಹಾಕುವ ಮುನ್ನ ಯಾವ ದೋಷವೆಂದು ತಿಳಿಯಬೇಕು. ಸುಲಭದ ಪರೀಕ್ಷೆ ಫೋನಿನಲ್ಲೇ ಇದೆ: ಆಂಡ್ರಾಯ್ಡ್ ಆಗಲಿ ಐಫೋನ್ ಆಗಲಿ, ಸೆಟ್ಟಿಂಗ್ಸ್‌ನ Accessibility ವಿಭಾಗದಲ್ಲಿ Mono Audio ಎಂಬ ಸ್ವಿಚ್ ಇರುತ್ತದೆ. ಹೆಡ್‌ಫೋನ್ ಹಾಕಿಕೊಂಡು ವಿಡಿಯೋ ಓಡಿಸುತ್ತ ಅದನ್ನು ಆನ್ ಮಾಡಿದಾಗ ಮಾತು ಕುಸಿದುಬಿದ್ದರೆ ಒಂದು ಚಾನೆಲ್ ಉಲ್ಟಾ ಇದೆ ಎಂದೇ ಅರ್ಥ. ಒಂದೇ ಕಿವಿಯಲ್ಲಿದ್ದ ಮಾತು ಎರಡಕ್ಕೂ ಹರಡಿದರೆ ಇನ್ನೊಂದು ಚಾನೆಲ್ ಬರಿದಾಗಿದೆ. ಸ್ವಿಚ್ ಇಲ್ಲದೆಯೂ ಕಿವಿ ಪಳಗಿದವರಿಗೆ ಸುಳಿವು ಸಿಗುತ್ತದೆ. ಸರಿಯಾದ ಮಾತು ತಲೆಯ ನಡುಮಧ್ಯದಲ್ಲಿ ನಿಂತಂತೆ ಕೇಳಿಸುತ್ತದೆ. ಉಲ್ಟಾ ಮಾತಿಗೆ ನೆಲೆಯೇ ಇರುವುದಿಲ್ಲ, ಆಚೀಚೆ ಚದುರಿ ಟೊಳ್ಳಾಗಿ ಕೇಳಿಸುತ್ತದೆ. ಕಣ್ಣಿಂದ ನೋಡಿಯೇ ನಂಬುವವರು ಉಚಿತ ತಂತ್ರಾಂಶ ಆಡಾಸಿಟಿಯಲ್ಲಿ ಧ್ವನಿಯನ್ನು ತೆರೆದು, ಒಂದೆರಡು ಅಲೆಗಳಷ್ಟೇ ಕಾಣುವವರೆಗೆ ಹಿಗ್ಗಿಸಬೇಕು. ಮೇಲಿನ ಪಟ್ಟಿಯಲ್ಲಿ ಗುಡ್ಡವಿರುವಲ್ಲೆಲ್ಲ ಕೆಳಗಿನ ಪಟ್ಟಿಯಲ್ಲಿ ಗುಂಡಿ ಕಂಡರೆ ಅನುಮಾನಕ್ಕೆ ಜಾಗವಿಲ್ಲ.

ಒಬ್ಬರೇ ಮಾತಾಡಿದ ಭಾಷಣಕ್ಕೆ ಎರಡು ದೋಷಕ್ಕೂ ಒಂದೇ ಮದ್ದು ಸಾಕು: ಚೆನ್ನಾಗಿರುವ ಒಂದು ಚಾನೆಲನ್ನು ತೆಗೆದು ಎರಡೂ ಕಡೆ ಇಡುವುದು. ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ಪಿನ ಮೇಲೆ ರೈಟ್ ಕ್ಲಿಕ್ ಮಾಡಿ Clip Attributes ತೆರೆದು, Audio ಭಾಗದಲ್ಲಿ ಸ್ಟೀರಿಯೋ ಬದಲು ಮೋನೋ ಆರಿಸಿ, ಮೊದಲ ಚಾನೆಲನ್ನು ಕೊಟ್ಟರೆ ಮುಗಿಯಿತು. ಎಡಿಟಿಂಗ್ ತಂತ್ರಾಂಶ ಇಲ್ಲದವರಿಗೆ ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್‌ನ ಒಂದೇ ಸಾಲು ಈ ಕೆಲಸ ಮಾಡುತ್ತದೆ:

```
ffmpeg -i bhashana.mp4 -c:v copy -af "pan=stereo|c0=c0|c1=c0" -c:a aac -b:a 192k sari.mp4
```

ಇಲ್ಲಿ c0 ಎಂದರೆ ಎಡ, c1 ಎಂದರೆ ಬಲ. ಎರಡಕ್ಕೂ ಎಡದ ಧ್ವನಿಯನ್ನೇ ಕೊಡು ಎಂಬುದು ಆದೇಶ. ಮಾತು ಬಲಗಡೆ ಮಾತ್ರ ಇದ್ದರೆ ಸಮಚಿಹ್ನೆಯ ಬಲಕ್ಕಿರುವ ಎರಡೂ ಕಡೆ c1 ಎಂದು ಬರೆಯಬೇಕು. `-c:v copy` ಇರುವುದರಿಂದ ಚಿತ್ರವನ್ನು ಮುಟ್ಟದೆ ಹಾಗೆಯೇ ನಕಲು ಮಾಡುತ್ತದೆ. ಗುಣಮಟ್ಟ ಕಿಂಚಿತ್ತೂ ಕೆಡದು, ಎರಡು ಗಂಟೆಯ ವಿಡಿಯೋ ಆದರೂ ಹೆಚ್ಚು ಹೊತ್ತು ಕಾಯಬೇಕಾಗಿಲ್ಲ. ಒಂದೇ ಚಾನೆಲಿನಲ್ಲಿ ಮಾತಿದ್ದಾಗ ಕೆಲವರು ಎರಡನ್ನೂ ಕೂಡಿಸಿ ಮೋನೋ ಮಾಡುತ್ತಾರೆ. ಹಾಗೆ ಮಾಡುವಾಗ ತಂತ್ರಾಂಶ ಸರಾಸರಿ ತೆಗೆದರೆ ಮಾತು 6 ಡೆಸಿಬೆಲ್ ಇಳಿಯುತ್ತದೆ, ಬರಿದಾದ ಚಾನೆಲಿನ ಹಿಸ್ ಸದ್ದೂ ಬಂದು ಸೇರುತ್ತದೆ. ನಕಲು ಮಾಡುವುದೇ ಮೇಲು.

ಉಲ್ಟಾ ಚಾನೆಲಿನ ಪ್ರಕರಣದಲ್ಲಿ ಇನ್ನೊಂದು ಹಾದಿಯೂ ಇದೆ, ಸಂಗೀತವನ್ನಿನ್ನೂ ಸೇರಿಸದ ಮೂಲ ಕ್ಲಿಪ್ ಕೈಯಲ್ಲಿದ್ದರೆ ಅದು ಹೆಚ್ಚು ಲಾಭದ್ದು. ಕ್ಯಾಮೆರಾ ಮಾಡಬೇಕಿದ್ದ ಕಳೆಯುವ ಲೆಕ್ಕವನ್ನು ಈಗ ನಾವೇ ಮಾಡಬಹುದು:

```
ffmpeg -i mula.mp4 -c:v copy -af "aeval=(val(0)-val(1))/2|(val(0)-val(1))/2" -c:a aac -b:a 192k sari.mp4
```

ಎಡದಿಂದ ಬಲವನ್ನು ಕಳೆದು ಅರ್ಧ ಮಾಡಿದಾಗ ಮಾತು ಇದ್ದಷ್ಟೇ ಮಟ್ಟದಲ್ಲಿ ಉಳಿಯುತ್ತದೆ, ತಂತಿಗೆ ಅಂಟಿದ ಗುಂಯ್ ಸದ್ದು ಹೋಗುತ್ತದೆ. ಎರಡು ಚಾನೆಲುಗಳ ಸ್ವಂತ ಹಿಸ್ ಒಂದಕ್ಕೊಂದು ಸಂಬಂಧವಿಲ್ಲದ್ದಾದ್ದರಿಂದ ಅದೂ ಸುಮಾರು 3 ಡೆಸಿಬೆಲ್ ತಗ್ಗುತ್ತದೆ.

ಆದರೆ ಮಾತಿನ ಕೆಳಗೆ ಸಂಗೀತ ಹರಿಸಿ ಮುಗಿಸಿದ ವಿಡಿಯೋಗೆ ಈ ಎರಡನೆಯ ಮದ್ದು ಹಾಕಬಾರದು. ಅಲ್ಲಿ ಎಡ ಚಾನೆಲಿನಲ್ಲಿರುವುದು ಸಂಗೀತ ಮತ್ತು ಮಾತು. ಬಲದಲ್ಲಿರುವುದು ಸಂಗೀತ ಮತ್ತು ಉಲ್ಟಾ ಮಾತು. ಕಳೆದರೆ ಮಾತು ಬಂದು ಸಂಗೀತ ಹೋಗುತ್ತದೆ, ಕೂಡಿಸಿದರೆ ಸಂಗೀತ ಬಂದು ಮಾತು ಹೋಗುತ್ತದೆ. ಕೂಡುವ, ಕಳೆಯುವ ಈ ಲೆಕ್ಕ ಹೊಸದೇನಲ್ಲ. ಬ್ರಿಟನ್ನಿನ ಎಂಜಿನಿಯರ್ ಆಲನ್ ಬ್ಲಮ್‌ಲೈನ್ 1931ರಲ್ಲಿ ಸಲ್ಲಿಸಿದ ಸ್ಟೀರಿಯೋ ಪೇಟೆಂಟಿನಲ್ಲೇ ಅದಿದೆ. ಎಫ್‌ಎಂ ಸ್ಟೀರಿಯೋ ಪ್ರಸಾರವೂ ಕೂಡಿದ ಧ್ವನಿಯನ್ನು ಮುಖ್ಯವಾಗಿ, ಕಳೆದ ಧ್ವನಿಯನ್ನು ಜೊತೆಗೆ ಕಳಿಸುತ್ತದೆ. ಹಾಗಾಗಿ ಹಿನ್ನೆಲೆ ಸಂಗೀತ ತೀರಾ ಜೋರಾಗಿ ಮಾತು ಮುಳುಗಿದ್ದರೆ ಈ ದೋಷವೇ ವರವಾಗುತ್ತದೆ: ಕಳೆದು ಮಾತನ್ನೂ ಕೂಡಿಸಿ ಸಂಗೀತವನ್ನೂ ಬೇರ್ಪಡಿಸಿ, ಬೇಕಾದ ಪ್ರಮಾಣದಲ್ಲಿ ಮತ್ತೆ ಬೆರೆಸಬಹುದು. ಸಂಗೀತ ಅಗಲವಾದ ಸ್ಟೀರಿಯೋ ಆಗಿದ್ದರೆ ಅದರ ಅಂಚುಗಳು ಮಾತಿನ ಜೊತೆ ಉಳಿದುಕೊಳ್ಳುತ್ತವೆ. ಅಷ್ಟೆಲ್ಲ ಬೇಡವೆಂದರೆ ಮೊದಲ ಮದ್ದೇ ಸಾಕು. ಎಡ ಚಾನೆಲಿನಲ್ಲಿ ಮಾತೂ ಇದೆ, ಸಂಗೀತವೂ ಇದೆ. ಸಂಗೀತದ ಅಗಲವೊಂದು ಹೋಗುತ್ತದೆ.

ಒಂದು ಚಾನೆಲನ್ನು ನಕಲು ಮಾಡುವುದು ಪೂರಾ ತಪ್ಪಾಗುವ ಸಂದರ್ಭ ಸಂದರ್ಶನದ್ದು. ಎರಡು ಕಾಲರ್ ಮೈಕುಗಳ ವೈರ್‌ಲೆಸ್ ಸೆಟ್ಟುಗಳಲ್ಲಿ ಕೇಳುವವರ ಮೈಕನ್ನು ಎಡಕ್ಕೂ ಉತ್ತರಿಸುವವರ ಮೈಕನ್ನು ಬಲಕ್ಕೂ ಕಳಿಸುವ ವ್ಯವಸ್ಥೆ ಇರುತ್ತದೆ. ಅಲ್ಲಿ ಎಡವನ್ನೇ ನಕಲು ಮಾಡಿದರೆ ಅತಿಥಿಯ ಮಾತು ದೂರದಿಂದ ಕೇಳಿದಂತಾಗಿಬಿಡುತ್ತದೆ. ಇಲ್ಲಿ ಎರಡನ್ನೂ ಕೂಡಿಸಲೇಬೇಕು. ಕೂಡಿಸಿದಾಗ ಬೇರೊಂದು ಕಾಟ ಎದುರಾಗುತ್ತದೆ: ಅತಿಥಿಯ ದನಿ ತಮ್ಮ ಮೈಕಿಗೆ ಮೊದಲು, ಎದುರಿನವರ ಮೈಕಿಗೆ ತುಸು ತಡವಾಗಿ ತಲುಪಿರುತ್ತದೆ. ದೂರದ ವ್ಯತ್ಯಾಸ ಸುಮಾರು 34 ಸೆಂ.ಮೀ. ಇದ್ದರೆ ತಡ 1 ಮಿಲಿಸೆಕೆಂಡ್. ಆಗ 500 ಹರ್ಟ್ಸ್, 1500 ಹರ್ಟ್ಸ್, 2500 ಹರ್ಟ್ಸ್ ಸ್ವರಗಳು ಕುಗ್ಗಿ, ನಡುವಿನವು ಉಬ್ಬಿ, ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ. ಚಾನೆಲನ್ನು ಉಲ್ಟಾ ಮಾಡಿದರೆ ಕುಗ್ಗುವ ಸ್ವರಗಳು ಬದಲಾಗುತ್ತವೆಯೇ ಹೊರತು ಕಾಯಿಲೆ ಹೋಗದು. ಎರಡು ಚಾನೆಲುಗಳನ್ನು ಬೇರ್ಪಡಿಸಿ, ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕನ್ನು ತಗ್ಗಿಸುತ್ತ ಹೋಗುವುದೇ ದಾರಿ. ಅರ್ಧ ಗಂಟೆಯ ಸಂದರ್ಶನಕ್ಕೆ ಇದು ತಾಳ್ಮೆಯ ಕೆಲಸ, ಆದರೆ ಫಲ ಸ್ಪಷ್ಟವಾಗಿ ಕೇಳಿಸುತ್ತದೆ.

ಮುಂದಿನ ಕಾರ್ಯಕ್ರಮಕ್ಕೆ ಕೇಬಲನ್ನೇ ಸರಿಪಡಿಸಿಕೊಳ್ಳಬಹುದು. ಬೆಸುಗೆ ಹಾಕಬಲ್ಲವರ ಬಳಿ 2ನೇ ಪಿನ್ನನ್ನು ಚಿಕ್ಕ ಜಾಕಿನ ತುದಿಗೂ ಉಂಗುರಕ್ಕೂ ಒಟ್ಟಿಗೆ, 1ನೇ ಪಿನ್ನನ್ನು ಬುಡದ ಗ್ರೌಂಡಿಗೆ ಜೋಡಿಸಿಸಿ, 3ನೆಯದನ್ನು ಎಲ್ಲಿಗೂ ತಾಗದಂತೆ ಬಿಡಿಸಬೇಕು. ಔಟ್‌ಪುಟ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಉಪಕರಣವಾದರೆ ಮಾತ್ರ 3ನೆಯದನ್ನು 1ಕ್ಕೆ ಸೇರಿಸಬೇಕಾಗುತ್ತದೆ, ಇಲ್ಲದಿದ್ದರೆ ಧ್ವನಿ ಸರಿಯಾಗಿ ಹರಿಯುವುದಿಲ್ಲ. ಮಿಕ್ಸರಿನ ಧ್ವನಿ ಮೈಕಿನದಕ್ಕಿಂತ ಎಷ್ಟೋ ಪಟ್ಟು ಬಲವಾದದ್ದು. ಕ್ಯಾಮೆರಾದಲ್ಲಿ ಲೈನ್ ಇನ್‌ಪುಟ್ ಆಯ್ಕೆ ಇಲ್ಲದಿದ್ದರೆ ಮಿಕ್ಸರಿನ ಆ ಔಟ್‌ಪುಟ್ಟನ್ನು ಚೆನ್ನಾಗಿ ತಗ್ಗಿಸಬೇಕು. ತಗ್ಗಿಸದೆ ಒಡೆದುಹೋದ ಧ್ವನಿಯನ್ನು ಮೇಲಿನ ಯಾವ ಆದೇಶವೂ ಸರಿಪಡಿಸಲಾರದು.